ದೊಡ್ಡಪ್ಪ ಕಳಿಸಿದ ಫಾರ್ವರ್ಡ್ ಮತ್ತು ಚಿನ್ನುವಿನ ಒದ್ದೆ ಹಾಸಿಗೆ

ದೊಡ್ಡಪ್ಪ: (ಫಾರ್ವರ್ಡ್) "ದೊಡ್ಡ ಮಕ್ಕಳು ಹಾಸಿಗೆ ಒದ್ದೆ ಮಾಡಿದರೆ ಸಂಜೆ 5ರ ಮೇಲೆ ಒಂದು ಹನಿ ನೀರೂ ಕೊಡಬೇಡಿ. ಬೆಡ್‌ಶೀಟ್ ಅವರ ಕೈಯಲ್ಲೇ ಒಗೆಸಿ, ನಾಚಿಕೆಗೆ ನಿಂತುಹೋಗುತ್ತದೆ." ಸುಮಾ, ಚಿನ್ನುಗೆ ಎಂಟು ವರ್ಷ ಆಯ್ತಲ್ಲ, ಇದನ್ನು ಮಾಡಿ ನೋಡು.

ವೀಣಾ: ಅಣ್ಣ, ದಯವಿಟ್ಟು ಬೇಡ. ಮಕ್ಕಳ ವಾರ್ಡಿನಲ್ಲಿ ನರ್ಸಾಗಿ ಇಂಥ ಎಷ್ಟೋ ಮಕ್ಕಳನ್ನು ನೋಡಿದ್ದೇನೆ. ಮೂತ್ರಚೀಲ ತುಂಬಿದರೂ ಇವರಿಗೆ ಎಚ್ಚರ ಆಗುವುದಿಲ್ಲ. ಕೆಲವರಿಗೆ ರಾತ್ರಿ ಮೂತ್ರವೇ ಜಾಸ್ತಿ ತಯಾರಾಗುತ್ತದೆ. ಬೇಕಂತ ಮಾಡುವುದಲ್ಲ.

ರಘು: ಹತ್ತು ವರ್ಷದವರೆಗೆ ನಾನೂ ಒದ್ದೆ ಮಾಡುತ್ತಿದ್ದೆ, ದೊಡ್ಡಪ್ಪ. ಬೈಗುಳಕ್ಕೆ ಹೆದರಿ ಒದ್ದೆ ಚಡ್ಡಿಯನ್ನು ಮಂಚದ ಕೆಳಗೆ ಬಚ್ಚಿಡುತ್ತಿದ್ದೆ.

ವೀಣಾ: ಅಪ್ಪನಿಂದ ಮಗನಿಗೆ ಬರುವುದು ತುಂಬಾ ಸಾಮಾನ್ಯ ರಘು. ಇದನ್ನು ಅವನಿಗೂ ಹೇಳು.

ಸುಮಾ: ಅತ್ತೆ, ಒಂದು ಸ್ಕ್ಯಾನ್ ಮಾಡಿಸಿಬಿಡಲಾ?

ವೀಣಾ: ಮೊದಲು ಇದನ್ನು ಹೇಳು. ಹಗಲಲ್ಲಿ ಚಡ್ಡಿ ಒದ್ದೆ ಆಗುತ್ತಾ? ಉರಿ ಇದೆಯಾ? ಧಾರೆ ತೊಟ್ಟಿಕ್ಕುತ್ತಾ? ಆರು ತಿಂಗಳು ಒಣಗಿದ್ದು ಮತ್ತೆ ಶುರುವಾಯ್ತಾ?

ಸುಮಾ: ಯಾವುದೂ ಇಲ್ಲ. ಮೊದಲಿನಿಂದಲೂ ರಾತ್ರಿ ಮಾತ್ರ. ಆದರೆ ಕಕ್ಕಸಿಗೆ ಮೂರು ದಿನಕ್ಕೊಮ್ಮೆ, ಗಟ್ಟಿ.

ವೀಣಾ: ಹಾಗಿದ್ದರೆ ಸ್ಕ್ಯಾನ್ ಈಗ ಬೇಡ. ನಾನು ಕೇಳಿದ್ದರಲ್ಲಿ ಒಂದು ಇದ್ದರೂ ಮೂತ್ರ ಪರೀಕ್ಷೆ ಬೇಕು, ಸ್ಕ್ಯಾನ್ ಬೇಕಾ ಅಂತ ಡಾಕ್ಟರ್ ನೋಡುತ್ತಾರೆ. ವಿಪರೀತ ದಾಹ, ತೂಕ ಇಳಿಯುವುದು ಕಂಡರೆ ಅದೇ ದಿನ ಸಕ್ಕರೆ ನೋಡಿಸಬೇಕು. ಚಿನ್ನುಗೆ ಮೊದಲು ಮಲಬದ್ಧತೆ ಸರಿಹೋಗಲಿ. ತುಂಬಿದ ಕರುಳು ಮೂತ್ರಚೀಲವನ್ನು ಒತ್ತುತ್ತದೆ. ಶಾಲೆಯ ಬಾಟಲಿ ಖಾಲಿಯಾಗಿ ಬರುತ್ತಾ?

ಸುಮಾ: ಇಲ್ಲ, ಹಾಗೇ ತುಂಬಿ ಬರುತ್ತೆ. ಟಾಯ್ಲೆಟ್ ಗಲೀಜು ಅಂತ ಹೋಗುವುದೇ ಇಲ್ಲ. ಮನೆಗೆ ಬಂದು ಎರಡು ಚೊಂಬು ಕುಡಿಯುತ್ತಾನೆ.

ದೊಡ್ಡಪ್ಪ: ನೋಡು, ಸಂಜೆ ನೀರೇ ಕಾರಣ!

ವೀಣಾ: ಅಣ್ಣ, ಅವನು ಬಾಯಾರಿ ಬಂದಿರುತ್ತಾನೆ. ಬೆಳಿಗ್ಗೆ, ಮಧ್ಯಾಹ್ನ ಚೆನ್ನಾಗಿ ಕುಡಿದರೆ ಸಂಜೆ ತಾನೇ ಕಡಿಮೆ ಆಗುತ್ತದೆ. ಎರಡು-ಮೂರು ಗಂಟೆಗೊಮ್ಮೆ ಮೂತ್ರಕ್ಕೆ ಹೋಗಲಿ, ಮಲಗುವ ಮೊದಲು ತಪ್ಪದೆ. ಸುಮಾ, ರಜೆಯಲ್ಲಿ ಎರಡು ದಿನ ಹಗಲೆಲ್ಲ ಪ್ರತಿ ಸಲದ ಮೂತ್ರವನ್ನು ಅಳತೆ ಲೋಟದಲ್ಲಿ ಹಿಡಿದು ನೋಡು. ವಯಸ್ಸಿಗೆ ಒಂದು ಸೇರಿಸಿ 30ರಿಂದ ಗುಣಿಸಿದರೆ ಮೂತ್ರಚೀಲ ಹಿಡಿಯಬೇಕಾದಷ್ಟು ಸಿಗುತ್ತದೆ, ಅವನಿಗೆ 270 ಎಂಎಲ್. ಒಂದು ಸಲಕ್ಕೆ ಜಾಸ್ತಿ ಬಂದದ್ದೂ 150 ಅಷ್ಟೇ ಆದರೆ ಚೀಲ ಕಡಿಮೆ ಹಿಡಿಯುತ್ತಿದೆ ಅಂತ. ಡಾಕ್ಟರಿಗೆ ಅದೇ ಚೀಟಿ ತೋರಿಸು.

ರಘು: ಅಲಾರಂ ಅಂತಾರಲ್ಲ ಅತ್ತೆ, ಅದು?

ವೀಣಾ: ಮಲಬದ್ಧತೆ, ಹಗಲಿನ ನೀರು-ಮೂತ್ರದ ಅಭ್ಯಾಸ ಸರಿಮಾಡಿದ ಮೇಲೂ ನಿಲ್ಲದಿದ್ದರೆ ಅದೇ. ಚಡ್ಡಿಗೆ ಸೆನ್ಸರ್, ಮೊದಲ ಹನಿಗೇ ಕೂಗುತ್ತದೆ. ಚಿನ್ನು ಏಳುವುದಿಲ್ಲ, ಮನೆಮಂದಿಯೆಲ್ಲ ಏಳುತ್ತೀರಿ! ಮೊದಲ ವಾರಗಳಲ್ಲಿ ನೀವೇ ಎಬ್ಬಿಸಿ, ಟಾಯ್ಲೆಟ್‌ಗೆ ನಡೆಸಿ, ಬಟ್ಟೆ ಬದಲಿಸಿ, ಸೆನ್ಸರ್ ಮತ್ತೆ ಹಾಕಬೇಕು. ತಿಂಗಳೊಳಗೆ ಒದ್ದೆ ಕಲೆ ಚಿಕ್ಕದಾದರೆ ಕೆಲಸ ಮಾಡುತ್ತಿದೆ ಅಂತ. ಸತತ 14 ರಾತ್ರಿ ಒಣಗಿರುವ ತನಕ ಬಿಡಬಾರದು. ಎರಡು-ಮೂರು ತಿಂಗಳು ಬೇಕು. ಎಷ್ಟೋ ಜನ ಮಧ್ಯದಲ್ಲೇ ಬಿಟ್ಟುಬಿಡುತ್ತಾರೆ.

ದೊಡ್ಡಪ್ಪ: ಸರಿ, ಒಗೆಸುವುದು ಬೇಡ. ಸಂಜೆ ನೀರಿನ ಬಗ್ಗೆ ನನಗೆ ಇನ್ನೂ ಅನುಮಾನ ಇದೆ.

ರಘು: ಪಕ್ಕದಲ್ಲಿ ನಾನು ಮಲಗುತ್ತೇನೆ ಸುಮಾ. ಇನ್ನು ಚಿನ್ನು ವಿಷಯ ಗುಂಪಲ್ಲಿ ಬೇಡ. ಅವನ ಅಕ್ಕ ಇದನ್ನೆಲ್ಲ ಓದುತ್ತಾಳೆ.