ಸಹಾಯ ಬೇಕು: ಲೋವರ್ ಥರ್ಡ್ ಪಟ್ಟಿಯ ಎತ್ತರ ಹೆಸರಿನಿಂದ ಹೆಸರಿಗೆ ಬದಲಾಗುತ್ತಿದೆ

ಎಲ್ಲರಿಗೂ ನಮಸ್ಕಾರ. ಹಲವರ ಸಂದರ್ಶನಗಳಿರುವ ಸಾಕ್ಷ್ಯಚಿತ್ರವೊಂದಕ್ಕೆ ಆಫ್ಟರ್ ಎಫೆಕ್ಟ್ಸ್‌ನಲ್ಲಿ ಲೋವರ್ ಥರ್ಡ್ ಟೆಂಪ್ಲೇಟ್ ಸಿದ್ಧಪಡಿಸುತ್ತಿದ್ದು, ಅಕ್ಷರಗಳ ಹಿಂದಿನ ಪಟ್ಟಿಯು ಹೆಸರಿನ ಉದ್ದಕ್ಕೆ ತಕ್ಕಂತೆ ತಾನೇ ಹಿಗ್ಗಲೆಂದು ಅದರ ಅಳತೆಗೆ ಈ ಎಕ್ಸ್‌ಪ್ರೆಷನ್ ಬರೆದಿದ್ದೇನೆ:

```
r = thisComp.layer("name").sourceRectAtTime();
[r.width + 80, r.height + 40]
```

ಅಗಲದ ಬಗ್ಗೆ ತಕರಾರಿಲ್ಲ. ಆದರೆ ‘ರಮಾ’ ಎಂಬ ಹೆಸರಿಗೆ ತೆಳ್ಳಗಿರುವ ಪಟ್ಟಿ, ‘ಕೃಷ್ಣಪ್ಪ’ ಎಂದೊಡನೆ ವಟ್ರಸುಳಿ ಮತ್ತು ಒತ್ತಕ್ಷರಗಳು ಕೆಳಗಿಳಿಯುವುದರಿಂದ ದಪ್ಪವಾಗುತ್ತದೆ. ಎರಡು ಸಂದರ್ಶನಗಳು ಬೆನ್ನುಬೆನ್ನಿಗೆ ಬಂದಾಗ ಈ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಎತ್ತರವನ್ನು ಸ್ಥಿರ ಸಂಖ್ಯೆಯಾಗಿಸಿದರೆ ಪಟ್ಟಿ ಒಂದೇ ಸಮವಾಗುತ್ತದೆ ನಿಜ, ಆದರೆ ‘ರಾಷ್ಟ್ರೀಯ’ದಂತಹ ಪದದಲ್ಲಿ ಒತ್ತಿನ ಕೆಳಗೆ ಮತ್ತೊಂದು ಒತ್ತು ಬಂದು ಹುದ್ದೆಯ ಸಾಲನ್ನು ಮುಟ್ಟುತ್ತದೆ. ಕಾಣದ ಪದರವೊಂದರಲ್ಲಿ ‘ಷ್ಟ್ರೀ’ ಎಂದು ಬರೆದು ಎತ್ತರವನ್ನು ಅದರಿಂದಲೇ ಅಳೆಯುವ ಯೋಚನೆಯಿದೆ. ಹಾಗೆ ಮಾಡಿದವರು ಯಾರಾದರೂ ಇದ್ದಲ್ಲಿ, ಚಿಕ್ಕ ಹೆಸರುಗಳ ಕೆಳಗೆ ಉಳಿಯುವ ಖಾಲಿ ಜಾಗವನ್ನು ಹೇಗೆ ಸರಿದೂಗಿಸಿದಿರಿ ಎಂದು ದಯವಿಟ್ಟು ತಿಳಿಸಿ.

ಜೊತೆಗೆ, ಹೆಸರು ಮತ್ತು ಹುದ್ದೆಯನ್ನು ನಿಧಾನವಾಗಿ ಎರಡು ಬಾರಿ ಓದುವಷ್ಟು ಹೊತ್ತು ಪಟ್ಟಿಯನ್ನು ಇರಿಸುತ್ತಿದ್ದೇನೆ. ಶಾಟ್ 3 ಸೆಕೆಂಡಿನದ್ದಾದರೆ, ಪಟ್ಟಿ ಮುಂದಿನ ಶಾಟಿನ ಬೇರೊಬ್ಬರ ಮುಖದ ಮೇಲೆ ಉಳಿಯುವುದಕ್ಕಿಂತ ಅದೇ ವ್ಯಕ್ತಿಯ ಮುಂದಿನ ದೀರ್ಘ ಶಾಟಿಗೆ ಮುಂದೂಡುವುದೇ ಲೇಸೆಂದು ನನಗನಿಸುತ್ತದೆ. ನೀವು ಏನು ಮಾಡುತ್ತೀರಿ?