"ಸ್ಕೇಲ್ 6%" ಅಂದ್ರೆ ಯಾವುದರ ಮೇಲಿನ 6%?

ಭೋಸರಿ, ಪುಣೆಯಿಂದ

ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿ ಒಂದು ಫೋರ್ಜಿಂಗ್ ಶಾಪಿನಲ್ಲಿದ್ದೀನಿ, ಕಟಿಂಗ್ ಸೆಕ್ಷನ್ನಿಗೆ ವಿಜಯಪುರ, ಕಲಬುರಗಿ ಕಡೆ ಹುಡುಗ್ರು ಹೊಸದಾಗಿ ಬಂದಿದಾರೆ, ಅವರಿಗೆ ಬಾರ್ ಉದ್ದದ ಲೆಕ್ಕ ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸೋಣ ಅಂತ ಕೂತೆ, ಜಾಬ್ ಕಾರ್ಡಿನ "ಸ್ಕೇಲ್ 6%" ಅನ್ನೋ ಸಾಲಲ್ಲಿ ಸಿಕ್ಕಾಕೊಂಡಿದೀನಿ.

ಪಾರ್ಟ್ ಸುಲಭದ್ದೇ. ತಲೆ 80 ಮಿಮೀ ವ್ಯಾಸ, 30 ದಪ್ಪ. ಅದರ ಕೆಳಗೆ 50 ವ್ಯಾಸದ ದಂಡು, 120 ಉದ್ದ. ತಲೆ ಸುಮಾರು 1,50,800 ಘನ ಮಿಮೀ, ದಂಡು 2,35,600, ಒಟ್ಟು 3,86,400. ಹಾಕೋದು 60ರ ರೌಂಡ್ ಬಾರ್, ಅದರ ಮುಖದ ಕ್ಷೇತ್ರಫಲ 2,827, ಭಾಗಿಸಿದ್ರೆ 136.7 ಮಿಮೀ. ಇಲ್ಲಿವರೆಗೂ ತಕರಾರಿಲ್ಲ. ಆಮೇಲೆ ಒಬ್ರು 1.06ರಿಂದ ಗುಣಿಸಿ 144.9 ಅಂತಾರೆ, ಇನ್ನೊಬ್ರು 0.94ರಿಂದ ಭಾಗಿಸಿ 145.4 ಅಂತಾರೆ. ಯಾವ ಅರ್ಥ ಸರಿ? ಮತ್ತೆ ಸ್ಕೇಲಿಗೆ ಕನ್ನಡದಲ್ಲಿ ಕಿಟ್ಟ ಅನ್ನೋದಾ, ಹಕ್ಕಳೆ ಅನ್ನೋದಾ?

ಡೊಂಬಿವಲಿಯಿಂದ

ಸ್ಕೇಲ್ ಅಂದ್ರೆ ಅಳತೆ ಅಲ್ವಾ ಸರ್? ನಾನಿದ್ದ ಎರಕದ ಕಾರ್ಖಾನೆಲಿ ಪ್ಯಾಟರ್ನ್ ಮಾಡೋರು ಲೋಹ ತಣ್ಣಗಾದಾಗ ಕುಗ್ಗುತ್ತೆ ಅಂತ ಸ್ವಲ್ಪ ದೊಡ್ಡ ಗುರುತಿನ ಪಟ್ಟಿ ಇಟ್ಕೊಂಡಿರ್ತಿದ್ರು, ಇದೂ ಅದೇ ಇರ್ಬೇಕು. "ಅಳತೆ 6% ಹಿಗ್ಗಿಸಿ" ಅಂತ ಬರೀರಿ.

ವಾಸ್ಕೋದಿಂದ

ಹಾಗೆ ಬರೆದ್ರೆ ಹುಡುಗ್ರು ವ್ಯಾಸನೂ ಉದ್ದನೂ ಎರಡನ್ನೂ ಹಿಗ್ಗಿಸಿ ಕೂತ್ಕೋತಾರೆ ಮಾರಾಯ್ರೆ! ಇದು ಕಾಯಿಸಿದಾಗ ಕಬ್ಬಿಣದ ಮೇಲೆ ಕಪ್ಪಗೆ ಕಟ್ಟಿ, ಸುತ್ತಿಗೆ ಏಟಿಗೆ ಚೂರುಚೂರಾಗಿ ಉದುರೋದು. ಕುಗ್ಗೋದಲ್ಲ, ಲೋಹನೇ ಹೋಗಿಬಿಡುತ್ತೆ. ಅದಕ್ಕೆ ಗಾಳಿ ಬಡಿದು ಹೋದದ್ದು ಅಂತ 6% ಕೊಡ್ತಾರೆ. ಅದರ ಮೇಲೆ ಗರಗಸ ತಿನ್ನೋದು 3 ಮಿಮೀ ಇರುತ್ತಲ್ಲ, ಅದನ್ನೂ ಸೇರಿಸಿ ಪೀಸು 148ಕ್ಕೆ ಕತ್ತರಿಸಿ.

ಪಿಂಪ್ರಿಯಿಂದ

ವಾಸ್ಕೋದವ್ರು ಹಕ್ಕಳೆ ವಿಷಯ ಸರಿ ಹೇಳ್ಯಾರ, ಆದ್ರ ಗರಗಸದ 3 ಮಿಮೀ ಪೀಸಿನೊಳಗ ಬರಂಗಿಲ್ಲರೀ. ಅದು ಪುಡಿಯಾಗಿ ನೆಲಕ್ಕ ಬಿದ್ದುಹೋಗ್ತದ, ಭಟ್ಟಿಗಿ ಹೋಗೋದು 145 ಮಿಮೀನೇ. 6 ಮೀಟರ್ ಬಾರಿನಾಗ ಎಷ್ಟು ಪೀಸು ಅಂತ ನೋಡುವಾಗ ಮಾತ್ರ 148ರಿಂದ ಭಾಗಿಸ್ರಿ, 40 ಪೀಸು ಬಂದು ಒಂದು ತುಂಡು ಉಳೀತದ.

ಇನ್ನ ಗುಣಿಸೋದೋ ಭಾಗಿಸೋದೋ. ತಯಾರಾದ ತೂಕದ ಮ್ಯಾಲ 6 ಅಂತ ಹಿಡಿದ್ರ ಗುಣಿಸಬೇಕು, ಪುಸ್ತಕದಾಗ ಹಂಗ ಇರ್ತದ. ಭಟ್ಟಿಗಿ ಹಾಕಿದ ತೂಕದಾಗ 6 ಹೋಯ್ತು ಅಂತ ಅಳದಿದ್ರ ಭಾಗಿಸಬೇಕು. ಎರಡಕ್ಕೂ ನಡುವ ಅರ್ಧ ಮಿಮೀ, ಅದಕ್ಕ ಇಷ್ಟು ಜಗಳ ಯಾಕ? 60 ಅಂತ ಬಂದ ಕಪ್ಪು ಬಾರು 59.4 ಇದ್ರ ಕ್ಷೇತ್ರಫಲ 2% ಕಮ್ಮಿ ಆಗಿ ಉದ್ದ 3 ಮಿಮೀ ಹೆಚ್ಚು ಬೇಕಾಗ್ತದ. ಅದಕ್ಕ ನಾವು ಪ್ರತಿ ಲಾಟಿಗೂ ಮೊದಲ ಪೀಸು ಕತ್ತರಿಸಿ ತಕ್ಕಡಿಗಿ ಇಡ್ತಿದ್ವಿ. 145 ಮಿಮೀ ಅಂದ್ರ 3.22 ಕೆಜಿ ಹತ್ರ ಬರಬೇಕು, ಬರಲಿಲ್ಲಂದ್ರ ಸ್ಟಾಪರ್ ಸರಿಸಬೇಕು.

ಖರೆ ಕೇಳಬೇಕಾದ್ದು, ಆ 6 ಎಲ್ಲಿಂದ ಬಂತು ಅಂತ. ಎಣ್ಣಿ ಭಟ್ಟಿ ಏನ್ರೀ, ಇಂಡಕ್ಷನ್ ಏನ್ರೀ? ಇಂಡಕ್ಷನ್‌ದಾಗ ಒಂದೇ ಸಲ ಕಾಯಿಸಿದ್ರ ಒಂದು ಪರ್ಸೆಂಟೂ ಹೋಗಂಗಿಲ್ಲ, ಎಣ್ಣಿ ಭಟ್ಟಿಯಾಗ ಎರಡು-ಮೂರು ಹೋಗ್ತದ, ಮತ್ತ ಮತ್ತ ಕಾಯಿಸಿದ್ರ ಇನ್ನೂ ಹೆಚ್ಚು. ಹಕ್ಕಳೆ ಕಟ್ಟೋದು ಮೈ ಮ್ಯಾಲ, ಒಳಗಲ್ಲ, ಅಷ್ಟೇ ಹೊತ್ತು ಕಾಯಿಸಿದ್ರೂ 30ರ ಬಾರಿಗಿ 60ರ ಬಾರಿಗಿಂತ ಹೆಚ್ಚುಕಮ್ಮಿ ಎರಡರಷ್ಟು ಪರ್ಸೆಂಟ್ ಹೋಗ್ತದ. ಸಣ್ಣ ಪಾರ್ಟಿನ ಕಾರ್ಡ್ ನೋಡಿ ಯಾರೋ 6 ನಕಲು ಹೊಡದಿರಬೇಕು.

ಸುತ್ತಿಗಿಯಾಗ ಮಾಡೋ ಪಾರ್ಟಾದ್ರ ಗೊತ್ತಾಗ್ತದ, ತಲಿ ಅಳತಿ ಸರಿ ಬಂದು ದಂಡು 5-6 ಮಿಮೀ ಉದ್ದ ಬರ್ತಿದ್ರ ಹಕ್ಕಳೆಗಂತ ಕೊಟ್ಟ ಉಕ್ಕು ಉದುರಿಲ್ಲ, ದಂಡಿನಾಗ ಕೂತದ. 3.22 ಹಾಕಿ, ಬ್ರಷ್ ಹೊಡದ ಮ್ಯಾಲ 3.12 ಬಂದ್ರ ಹೋಗಿದ್ದು ಮೂರೇ ಪರ್ಸೆಂಟ್. ಆಗ 136.7ನ್ನ 0.97ರಿಂದ ಭಾಗಿಸ್ರಿ, 141 ಸಾಕು.

ಭೋಸರಿಯಿಂದ

ಅಣ್ಣಾ, ನಮ್ಮಲ್ಲಿ ಎಣ್ಣೆ ಭಟ್ಟಿ, ದಂಡು ಉದ್ದ ಬಂದು ತುದಿ ಕತ್ತರಿಸೋದಂತೂ ನಿಜ. ಹಂಗಾದ್ರೆ ಗೋಡೆ ಮೇಲೆ "ಭಟ್ಟಿಗೆ ಹಾಕಿದ ತೂಕದಲ್ಲಿ ಹಕ್ಕಳೆಯಾಗಿ ಹೋಗೋದು" ಅಂತ ಬರೀತೀನಿ, ಪರ್ಸೆಂಟ್ ಜಾಗ ಖಾಲಿ ಬಿಟ್ಟು. ಕಿಟ್ಟ ಬೇಡ, ಅದು ಅದಿರು ಕರಗಿಸುವಾಗ ಬರೋದು ಅಂತ ನಮ್ಮ ತಂದೆ ಹೇಳ್ತಾರೆ, ಆದ್ರೆ ನಮ್ಮೂರ ಕಮ್ಮಾರರು ಎರಡಕ್ಕೂ ಕಿಟ್ಟ ಅಂತಾರೆ.

ಇನ್ನೊಂದು ಕೇಳೋದಿದೆ. ಕಾರ್ಡಿನ "ಫಿನಿಶ್" 3.03 ಕೆಜಿ ಅನ್ನೋದು ಲೇಥಿಗೆ ಹೋಗೋ ಮುಂಚಿನ ತೂಕನಾ, ಆಮೇಲಿನದಾ? ಲೇಥಿನಲ್ಲಿ ತೆಗೆಯೋ ಪದರ ಅದರಲ್ಲಿ ಸೇರಿಲ್ಲ ಅಂದ್ರೆ 136.7 ಅನ್ನೋದೇ ಬದಲಾಗುತ್ತೆ, ಡ್ರಾಯಿಂಗ್ ಆಫೀಸಲ್ಲಿ ಕೇಳಿದ್ರೆ ಇಬ್ಬರು ಎರಡು ಥರ ಹೇಳಿದ್ರು.