ಅಪ್‌ಡೇಟ್: ಅಮ್ಮನ ಚೀಟಿ ಲೆಕ್ಕ ಸಿಕ್ಕಿತು

ನಾನು ಕೇಳಿದ್ದು: "ಪಾಸ್‌ಬುಕ್ ಫೋಟೋ ನೋಡಿ ಕೂಡಿಸಿದರೆ 1 ಲಕ್ಷದ ಚೀಟಿಗೆ ಅಮ್ಮನಿಗೆ ಬರೀ 700 ರೂಪಾಯಿ ಖರ್ಚು ಬರುತ್ತಿದೆ. ಸರಿನಾ?"

ಸರಿ ಇರಲಿಲ್ಲ. ಫೋಟೋ ದೊಡ್ಡದು ಮಾಡಿ 8ನೇ ಕಂತಿನ ಸಾಲು ನೋಡಿದೆ: ಕಂತು 5,000, ಡಿವಿಡೆಂಡ್ 1,000, ಕಟ್ಟಿದ್ದು 4,000. ಅಂದರೆ ಕೊನೆಯ ಕಾಲಮ್ಮಿನಲ್ಲಿ ಡಿವಿಡೆಂಡ್ ಆಗಲೇ ಕಳೆದಿದೆ. ನಾನು ಆ ಕಾಲಮ್ಮನ್ನೇ ಕೂಡಿಸಿ, ಡಿವಿಡೆಂಡನ್ನು ಇನ್ನೊಮ್ಮೆ ಕಳೆದಿದ್ದೆ.

20 ಕಂತಿಗೆ 1,00,000. ಒಟ್ಟು ಡಿವಿಡೆಂಡ್ 12,400. ಅಮ್ಮ ಕಟ್ಟಿದ್ದು 87,600. ಅದೇ 8ನೇ ತಿಂಗಳು 25,000 ಬಿಟ್ಟು ಚೀಟಿ ಎತ್ತಿದ್ದರು, ಪಾಸ್‌ಬುಕ್ಕಿನಲ್ಲಿ 75,000 ಇದೆ. ಆದರೆ ದಾಖಲೆ ಖರ್ಚು 500 ಹಿಡಿದು ಬ್ಯಾಂಕಿಗೆ ಬಂದಿದ್ದು 74,500.

ನಿಜವಾದ ಖರ್ಚು 13,100. ಇದು ವರ್ಷದ ಬಡ್ಡಿ ದರ ಅಲ್ಲ, ಅದಕ್ಕೆ ತಾರೀಕುಗಳೂ ಬೇಕು.